ಕಳ್ಳನೇ ಓದಿದರೂ ಕೆಲಸ ಮಾಡುವ ಪೋಸ್ಟರ್

ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲು ಕಡೆಯ ಸಣ್ಣ ಆಫೀಸುಗಳಲ್ಲಿ ನಾಲ್ಕೈದು ಜನ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇದ್ದರೆ ಹೆಚ್ಚು. ಉಕ್ಕಿನ ಕಾರ್ಖಾನೆಗೆ ಲಾರಿ ಬಿಡುವವರು, ವೇಬ್ರಿಡ್ಜ್ ನಡೆಸುವವರು, ಬಿಡಿಭಾಗ ಸಪ್ಲೈ ಮಾಡುವವರು, ಲೇಬರ್ ಕಂಟ್ರಾಕ್ಟರುಗಳು. ಹದಿನೈದು ವರ್ಷದ ಹಿಂದೆ ಈ ಸೀಮೆಯಲ್ಲಿ ಬೆಲೆಬಾಳುವ ಕಾಗದ ಎಂದರೆ ಅದಿರು ಸಾಗಿಸುವ ಪರ್ಮಿಟ್. ಪರ್ಮಿಟ್ ಇಲ್ಲದೆ, ಮಿತಿಮೀರಿದ ತೂಕ ಹೇರಿಕೊಂಡು ಲಾರಿಗಳು ಹೇಗೆ ಓಡಿದವು ಎಂಬುದನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ಬಯಲಿಗೆ ತಂದಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಪರ್ಮಿಟ್ ಕಂಪ್ಯೂಟರಿಗೆ ಹೋಯಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದಿನಿಂದಲೇ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಹಿಂದೆ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದುದರ ಜಾಗದಲ್ಲಿ ಈಗ ಒಂದು ಪಾಸ್‌ವರ್ಡ್ ಇದೆ. ಅದರ ಜೊತೆಗೆ ಒಟಿಪಿಯನ್ನೂ ಪಡೆದವನು ನಮ್ಮ ಜಿಎಸ್‌ಟಿ ನಂಬರಿನಲ್ಲಿ ನಮ್ಮದಲ್ಲದ ಸರಕಿಗೆ ಬಿಲ್ ತೆಗೆಯಬಹುದು. ಮೇಲ್ ಪಾಸ್‌ವರ್ಡ್ ಸಿಕ್ಕರೆ ಇನ್ನೂ ಸಲೀಸು: ನಮ್ಮ ಗಿರಾಕಿಗೆ ನಮ್ಮದೇ ವಿಳಾಸದಿಂದ 'ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣ ಇದಕ್ಕೆ ಹಾಕಿ' ಎಂದು ಬರೆದರೆ ಸಾಕು.

ಇಂಥ ಆಫೀಸಿನಲ್ಲಿ ಪಾಸ್‌ವರ್ಡ್ ರಿಸೆಟ್ ಮಾಡಿಕೊಡುವ ಅಧಿಕಾರ ಒಬ್ಬರ ಕೈಯಲ್ಲಿರುತ್ತದೆ. ಸಾಮಾನ್ಯವಾಗಿ ಅಕೌಂಟ್ಸ್ ನೋಡುವವರು, ಇಲ್ಲವೇ 'ಕಂಪ್ಯೂಟರ್ ಗೊತ್ತಿರುವ' ಕಿರಿಯರು. ಅವರ ಮೇಜಿನೆದುರು ಒಂದು ಪೋಸ್ಟರ್ ಇರಬೇಕು, ರಿಸೆಟ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಅದರಲ್ಲಿರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಂಥ ಪ್ರಶ್ನೆಗಳು ಎಂಬಲ್ಲಿ ನನ್ನ ತಕರಾರಿದೆ. ಹೆಚ್ಚಿನವರು ಮೊದಲು ಬರೆಯುವುದು ಫೋನ್ ಮಾಡಿದವರನ್ನು ಪರೀಕ್ಷಿಸುವ ಪ್ರಶ್ನೆಗಳನ್ನು: ಹುಟ್ಟಿದ ದಿನಾಂಕ ಏನು, ಎಂಪ್ಲಾಯಿ ನಂಬರ್ ಎಷ್ಟು, ನಿಮ್ಮ ಮೇಲಿನವರು ಯಾರು. ಇವು ಮೂರೂ ಕೆಲಸಕ್ಕೆ ಬಾರವು.

ನಮ್ಮೂರುಗಳಲ್ಲಿ ಹುಟ್ಟಿದ ದಿನಾಂಕ ಫ್ಲೆಕ್ಸ್ ಮೇಲೆ ಸರ್ಕಲ್ಲಿನಲ್ಲಿ ನಿಂತಿರುತ್ತದೆ. ತಾಯಿಯ ಹೆಸರು ಲಗ್ನಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಆಧಾರ್ ಜೆರಾಕ್ಸ್ ಸಿಮ್ ಅಂಗಡಿಯಿಂದ ಲಾಡ್ಜ್ ಕೌಂಟರಿನವರೆಗೆ ಎಲ್ಲೆಡೆ ಬಿದ್ದಿದೆ. ಮಾಲೀಕರು ಯಾರೆಂಬುದು ಲಾರಿಯ ಹಣೆಯ ಮೇಲೇ ಇದೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಯೊಳಗೆ ಒಬ್ಬ ವಿದ್ಯಾರ್ಥಿ ನುಗ್ಗಿದ್ದು ಇದೇ ದಾರಿಯಲ್ಲಿ. ಹುಟ್ಟಿದ ದಿನ, ಪಿನ್ ಕೋಡ್, ಗಂಡನನ್ನು ಮೊದಲು ಭೇಟಿಯಾದ ಜಾಗ, ಇಷ್ಟನ್ನೂ ಅವನು ಇಂಟರ್ನೆಟ್ಟಿನಲ್ಲೇ ಹುಡುಕಿ ಪಾಸ್‌ವರ್ಡ್ ಬದಲಿಸಿದ. ಆ ಪ್ರಶ್ನೆಗಳು ಕೇಳಿದ್ದು 'ನೀನು ಅವಳೇನಾ' ಎಂದಲ್ಲ, 'ಅವಳ ಬಗ್ಗೆ ನಿನಗೆ ಗೊತ್ತಾ' ಎಂದು.

ಆದ್ದರಿಂದ ಪೋಸ್ಟರಿನ ಪ್ರತಿಯೊಂದು ಸಾಲಿಗೂ ನಾನು ಒಂದೇ ಪರೀಕ್ಷೆ ಒಡ್ಡುತ್ತೇನೆ: ಮೋಸ ಮಾಡಲು ಬಂದವನು ಈ ಪೋಸ್ಟರನ್ನು ಪೂರ್ತಿ ಓದಿಕೊಂಡು ಹೋಗಿ, ಹೊರಗಿನಿಂದ ಫೋನ್ ಮಾಡಿದರೂ ಈ ಸಾಲು ಅವನನ್ನು ತಡೆಯುತ್ತದೆಯೇ? ಇದು ತರ್ಕಕ್ಕಾಗಿ ತರ್ಕವಲ್ಲ. ಸಣ್ಣ ಆಫೀಸಿನ ಗೋಡೆಯನ್ನು ಡ್ರೈವರುಗಳು ನೋಡುತ್ತಾರೆ, ಕೊರಿಯರ್ ಹುಡುಗ ನೋಡುತ್ತಾನೆ, ಪ್ರಿಂಟರ್ ರಿಪೇರಿಯವನು ನೋಡುತ್ತಾನೆ. ಕೆಲಸ ಬಿಟ್ಟು ಹೋದವರಿಗೂ ಅದು ನೆನಪಿರುತ್ತದೆ. ಅದಕ್ಕೇ ಗುಟ್ಟಿನ ಪದ, ಫೋನ್ ನಂಬರುಗಳ ಪಟ್ಟಿ ಗೋಡೆಗೆ ಹೋಗಬಾರದು. ಗುಟ್ಟು ಬಯಲಾದರೆ ನಿಯಮವೇ ಸತ್ತುಹೋಗುತ್ತದೆ.

ಈ ಪರೀಕ್ಷೆ ಎಷ್ಟು ಮುಖ್ಯ ಎಂಬುದು ಕ್ಲೋರಾಕ್ಸ್ ಪ್ರಕರಣ ನೋಡಿದರೆ ತಿಳಿಯುತ್ತದೆ. ಬ್ಲೀಚ್ ಮೊದಲಾದ ಶುಚಿ ಸಾಮಾನು ತಯಾರಿಸುವ ಈ ಅಮೆರಿಕನ್ ಕಂಪನಿ ತನ್ನ ಸಿಬ್ಬಂದಿಯ ಪಾಸ್‌ವರ್ಡ್ ಸಹಾಯದ ಕೆಲಸವನ್ನು ಕಾಗ್ನಿಜಂಟ್‌ಗೆ ಒಪ್ಪಿಸಿತ್ತು. 2025ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಕ್ಲೋರಾಕ್ಸ್ ಹೂಡಿದ ದಾವೆಯ ಪ್ರಕಾರ, 2023ರ ಆಗಸ್ಟ್ 11ರಂದು ಒಬ್ಬ ಆ ಸಹಾಯವಾಣಿಗೆ ಫೋನ್ ಮಾಡಿ, ತಾನು ಕ್ಲೋರಾಕ್ಸ್ ನೌಕರ, ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಲಾಗುತ್ತಿಲ್ಲ ಎಂದ. ಎದುರಿಗಿದ್ದವರು ಏನೂ ವಿಚಾರಿಸದೆ ಹೊಸ ಪಾಸ್‌ವರ್ಡ್ ಹೇಳಿಬಿಟ್ಟರು. ಅವನು ಮುಂದುವರಿದು ಎರಡನೇ ಹಂತದ ದೃಢೀಕರಣವನ್ನೂ, ಅಂದರೆ ನಮ್ಮ ಒಟಿಪಿಯಂಥದ್ದನ್ನೂ, ತೆಗೆಸಿ ಹಾಕಿಸಿಕೊಂಡ. ಸಂದೇಶ ಬರುವ ಫೋನ್ ನಂಬರನ್ನೂ ಬದಲಾಯಿಸಿಕೊಂಡ. ಆಮೇಲೆ ಇನ್ನೊಬ್ಬ ನೌಕರನ ಹೆಸರಿನಲ್ಲೂ ಇದೇ ಆಟ ನಡೆಯಿತು. ಕಂಪನಿಯ ಉತ್ಪಾದನೆ ಕುಂಠಿತವಾಗಿ, ಅಂಗಡಿಗಳಿಗೆ ಮಾಲು ಹೋಗುವುದು ವಾರಗಟ್ಟಲೆ ಏರುಪೇರಾಯಿತು. ಕ್ಲೋರಾಕ್ಸ್ ಕೇಳಿರುವ ಪರಿಹಾರ 38 ಕೋಟಿ ಡಾಲರ್. ತಾನು ವಹಿಸಿಕೊಂಡಿದ್ದು ಸೀಮಿತ ಸಹಾಯವಾಣಿ ಕೆಲಸ ಮಾತ್ರ, ಕಂಪನಿಯ ಸೈಬರ್ ಭದ್ರತೆಯನ್ನಲ್ಲ ಎಂಬುದು ಕಾಗ್ನಿಜಂಟ್ ಉತ್ತರ. ಯಾರ ತಪ್ಪೆಂದು ತೀರ್ಮಾನಿಸುವುದು ಕೋರ್ಟಿಗೆ ಬಿಟ್ಟದ್ದು.

ನನ್ನ ಗಮನ ಹೋಗುವುದು ಬೇರೆಡೆಗೆ. ನಿಯಮದಂತೆ ಕೇಳಬೇಕಾಗಿದ್ದದ್ದನ್ನು ಕೇಳಲಿಲ್ಲ ಎಂಬುದು ದಾವೆಯ ದೂರು. ಆದರೆ ಕೇಳಿಯೇ ಬಿಟ್ಟಿದ್ದರೆ? ದಾವೆಯಲ್ಲಿ ಹೇಳಿರುವ ಪರಿಶೀಲನೆಯ ಒಂದು ಭಾಗ ಮೇಲಧಿಕಾರಿಯ ಹೆಸರು. ಅದನ್ನು ತಿಳಿಯಲು ಲಿಂಕ್ಡ್‌ಇನ್ ಸಾಕು. ಅದೇ ನಿಯಮದ ಇನ್ನೊಂದು ಭಾಗ ಮಾತ್ರ ನಿಜವಾಗಿಯೂ ತಡೆಯುವಂಥದ್ದು: ರಿಸೆಟ್ ಆದೊಡನೆ ನೌಕರನಿಗೂ ಅವನ ಮೇಲಧಿಕಾರಿಗೂ ಮೇಲ್ ಹೋಗಬೇಕು ಎಂಬುದು. ಯಾಕೆಂದರೆ ಅದರಲ್ಲಿ ಫೋನ್ ಮಾಡಿದವನು ಏನು ಹೇಳಿದ ಎಂಬುದರ ಮೇಲೆ ಏನೂ ನಿಂತಿಲ್ಲ. ಗೋಡೆಯ ಪ್ರಶ್ನೆಗಳನ್ನು ಫೋನ್ ಮಾಡಿದವರಿಗೆ ಕೇಳಬೇಕಿಲ್ಲ. ರಿಸೆಟ್ ಮಾಡುವವರು ತಮಗೆ ತಾವೇ ಕೇಳಿಕೊಳ್ಳಬೇಕು.

ಮೊದಲನೆಯದು: ಇವರು ನನ್ನ ಕಣ್ಣೆದುರು ನಿಂತಿದ್ದಾರಾ? ದೊಡ್ಡ ಕಂಪನಿಗೆ ಇಲ್ಲದ ಅನುಕೂಲ ಸಣ್ಣ ಆಫೀಸಿಗೆ ಇರುವುದು ಇಲ್ಲಿ. ಎಲ್ಲರ ಮುಖ ಎಲ್ಲರಿಗೂ ಗೊತ್ತು, ಎಲ್ಲರೂ ವಡ್ಡು, ತೋರಣಗಲ್ಲು, ಸಂಡೂರು ಸುತ್ತಲಿನವರೇ. ಕರ್ನಾಟಕದ ಭೂಮಿ ಯೋಜನೆ ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಕಂಪ್ಯೂಟರೀಕರಣ ಮಾಡಿದ ಕಾಲದಲ್ಲೇ, ಅಂದರೆ ಎರಡು ದಶಕಕ್ಕೂ ಹಿಂದೆ, ಸಿಬ್ಬಂದಿ ಬೆರಳಚ್ಚು ಒತ್ತಿ ಒಳಹೋಗುವ ವ್ಯವಸ್ಥೆ ತಂದಿತ್ತು. ಅದರ ಹಿಂದಿನ ವಿಚಾರ ಸರಳ: ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಬಹುದು, ಹೆಬ್ಬೆರಳನ್ನು ಹೇಳಲಾಗದು. ನಮ್ಮಲ್ಲಿ ಯಂತ್ರವಿಲ್ಲದಿದ್ದರೂ ಕಣ್ಣಿದೆ. ನಾಳೆ ಬೆಳಿಗ್ಗೆ ಆಫೀಸಿಗೆ ಬಂದಾಗ ರಿಸೆಟ್ ಮಾಡಿಕೊಡುತ್ತೇನೆ ಎಂಬುದು ಹೆಚ್ಚಿನ ಸಲ ಸಾಕಾಗುವ ಉತ್ತರ.

ಎದುರಿಗಿಲ್ಲದಿದ್ದರೆ ಎರಡನೆಯ ಪ್ರಶ್ನೆ: ಫೋನ್ ಇಟ್ಟು, ನಮ್ಮ ರಿಜಿಸ್ಟರಿನಲ್ಲಿ ಮೊದಲೇ ಬರೆದಿಟ್ಟ ನಂಬರಿಗೆ ನಾನೇ ಫೋನ್ ಮಾಡಿದೆನಾ? ಇದು ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು, ಇಲ್ಲದಿದ್ದರೆ ಅವಸರದಲ್ಲಿ ಬಿಟ್ಟುಬಿಡುತ್ತೇವೆ. ಬರುವ ಕರೆಯಲ್ಲಿ ತೋರುವ ನಂಬರನ್ನು ಸುಳ್ಳಾಗಿ ತೋರಿಸಬಹುದು. ವಾಟ್ಸಾಪ್‌ನಲ್ಲಿ ಯಾರ ಫೋಟೊ ಬೇಕಾದರೂ ಹಾಕಿಕೊಳ್ಳಬಹುದು. ಆದರೆ ನಾವು ಮಾಡುವ ಕರೆ ಆ ನಂಬರಿನ ಸಿಮ್ ಎಲ್ಲಿದೆಯೋ ಅಲ್ಲಿಗೇ ಹೋಗುತ್ತದೆ. ದಿಕ್ಕು ತಿರುಗಿಸಿದ ಕೂಡಲೇ ಮೋಸಗಾರನ ಬಲ ಮುಕ್ಕಾಲು ಕರಗುತ್ತದೆ. ಅವನೇ ಹೇಳಿದ ನಂಬರಿಗೆ, ಅವನ ಮೇಲ್‌ನಲ್ಲಿ ಬಂದ ನಂಬರಿಗೆ, ಮಿಸ್ಡ್ ಕಾಲ್ ಆಗಿ ಬಿದ್ದ ನಂಬರಿಗೆ ತಿರುಗಿ ಫೋನ್ ಮಾಡಿದರೆ ಇದ್ಯಾವುದೂ ನಡೆಯದು.

ಉಳಿದ ಕಾಲು ಭಾಗವನ್ನೂ ಹೇಳಬೇಕು. ಒಬ್ಬರ ಸಿಮ್ಮನ್ನು ಮೋಸದಿಂದ ಬೇರೆಯವರು ತೆಗೆಸಿಕೊಳ್ಳುವುದುಂಟು. ಕರೆಯನ್ನು ಬೇರೆ ನಂಬರಿಗೆ ತಿರುಗಿಸಿಕೊಳ್ಳುವುದೂ ಉಂಟು: *401# ಮಾದರಿಯ ಕೋಡ್ ಒತ್ತಿಸಿ ಜನರ ಕರೆಗಳನ್ನು ಕದಿಯುವ ಹಾವಳಿ ಹೆಚ್ಚಾಗಿ, ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಅಂಥ ಕೋಡ್ ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನೇ ನಿಲ್ಲಿಸುವಂತೆ ಆದೇಶಿಸಬೇಕಾಯಿತು. ಆದ್ದರಿಂದ ತಿರುಗಿ ಫೋನ್ ಮಾಡಿದಾಗ ದನಿಗೂ ಕಿವಿಗೊಡಬೇಕು. ವರ್ಷಗಟ್ಟಲೆ ಪಕ್ಕದ ಕುರ್ಚಿಯಲ್ಲಿ ಕೂತವರ ದನಿ ಪರಿಚಿತ. 'ಲೈನ್ ಸರಿ ಇಲ್ಲ, ನೆಗಡಿ ಆಗಿದೆ' ಎಂಬ ಮಾತು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ವಿಡಿಯೊ ಕಾಲ್ ಮಾಡಿ ಮುಖ ನೋಡಿದರಾಯಿತಲ್ಲ ಎನ್ನುವವರಿಗೆ ಅರಪ್ ಕಂಪನಿಯ ಹಾಂಕಾಂಗ್ ಕಚೇರಿಯ ಪ್ರಕರಣ ಹೇಳಬೇಕು. 2024ರಲ್ಲಿ ಬಯಲಾದ ಆ ಮೋಸದಲ್ಲಿ ಸಹೋದ್ಯೋಗಿಗಳ ನಕಲಿ ಮುಖಗಳಿದ್ದ ವಿಡಿಯೊ ಮೀಟಿಂಗ್ ನೋಡಿ ನಂಬಿದ ನೌಕರರೊಬ್ಬರು 20 ಕೋಟಿ ಹಾಂಕಾಂಗ್ ಡಾಲರ್ ಕಳಿಸಿದ್ದರು. ಮುಖ ನೋಡಬೇಕಾದರೆ ಎದುರಿಗೇ ನೋಡಬೇಕು.

ಮೂರನೆಯ ಪ್ರಶ್ನೆ ನನ್ನ ಪ್ರಕಾರ ಇಡೀ ಪೋಸ್ಟರಿನ ಜೀವ: ಇವರಿಗೆ ಬೇಕಾಗಿರುವುದು ಪಾಸ್‌ವರ್ಡೋ, ಕೆಲಸವೋ?

ಒಂದು ಸಂದರ್ಭ ಊಹಿಸೋಣ. ರಾತ್ರಿ ಒಂಬತ್ತೂವರೆ. ಉಕ್ಕಿನ ಕಾಯಿಲ್ ಹೇರಿಕೊಂಡು ಹೊರಟ ಲಾರಿ ಚಿತ್ರದುರ್ಗದ ಹತ್ತಿರ ಕೆಟ್ಟು ನಿಂತಿದೆ. ಮಾಮೂಲಿ ಸರಕಿನ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ. ಮುಗಿಯುವ ಹೊತ್ತಿನ ಎಂಟು ಗಂಟೆ ಮೊದಲು ಅಥವಾ ಎಂಟು ಗಂಟೆ ನಂತರ ಮಾತ್ರ ಅದನ್ನು ವಿಸ್ತರಿಸಲು ಬರುತ್ತದೆ. ಅವಸರ ಸುಳ್ಳಲ್ಲ. ಆಫೀಸಿನಲ್ಲಿ ರಾತ್ರಿ ಪಾಳಿಯ ಒಬ್ಬ ಹುಡುಗನಿದ್ದಾನೆ. ಡಿಸ್ಪ್ಯಾಚ್ ನೋಡಿಕೊಳ್ಳುವ ಅಣ್ಣನ ಹೆಸರಿನಲ್ಲಿ ಹೊಸ ನಂಬರಿನಿಂದ ಫೋನ್ ಬರುತ್ತದೆ: 'ಊರಲ್ಲಿದೀನಿ ಕಣೋ, ಫೋನ್ ನೀರಿಗೆ ಬಿತ್ತು, ಇದು ಮಾವನ ಫೋನು. ಪಾಸ್‌ವರ್ಡ್ ತಗೋತಾ ಇಲ್ಲ. ರಿಸೆಟ್ ಮಾಡಿ ಒಟಿಪಿ ಈ ನಂಬರಿಗೆ ಬರೋ ಹಾಗೆ ಮಾಡು, ಬೇಗ. ಗಾಡಿ ಹಿಡಿದ್ರೆ ದಂಡ ಯಾರು ಕಟ್ತಾರೆ?'

ಹೇಳಿದ್ದೆಲ್ಲ ನಂಬುವ ಹಾಗಿದೆ. ಲಾರಿ ನಿಂತಿರುವುದೂ ನಿಜವಿರಬಹುದು. ಕೆಟ್ಟು ನಿಂತ ಲಾರಿ ಹೆದ್ದಾರಿಯಲ್ಲಿ ಎಲ್ಲರಿಗೂ ಕಾಣುತ್ತದೆ, ಅದರ ಮೇಲೆ ಟ್ರಾನ್ಸ್‌ಪೋರ್ಟಿನ ಹೆಸರೂ ಇರುತ್ತದೆ. ಆದರೆ ಈ ಕೆಲಸಕ್ಕೆ ಪಾಸ್‌ವರ್ಡ್ ರಿಸೆಟ್ ಬೇಕೇ ಇಲ್ಲ. ಇ-ವೇ ಬಿಲ್ ಪೋರ್ಟಲಿನಲ್ಲಿ ಮುಖ್ಯ ಖಾತೆಯಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಸಬ್-ಯೂಸರ್ ಮಾಡಿಕೊಡಬಹುದು. ರಾತ್ರಿ ಪಾಳಿಯವನಿಗೂ ತನ್ನದೇ ಲಾಗಿನ್ ಇದ್ದರೆ ಅವನು ಹೇಳಬೇಕಾದ ಮಾತು ಒಂದೇ: 'ಅಣ್ಣ, ನೀವು ಯೋಚನೆ ಮಾಡಬ್ಯಾಡ್ರಿ, ನಾನೇ ಡ್ರೈವರಿಗೆ ಫೋನ್ ಹಚ್ಚಿ ಕೇಳಿ, ಬಿಲ್ ಎಕ್ಸ್‌ಟೆಂಡ್ ಮಾಡ್ತೀನಿ.' ನಿಜವಾದ ಸಹೋದ್ಯೋಗಿ ಸಮಾಧಾನವಾಗಿ ಫೋನ್ ಇಡುತ್ತಾನೆ, ಅವನಿಗೆ ಬೇಕಿದ್ದದ್ದು ಲಾರಿ ಮುಂದೆ ಹೋಗುವುದು. ಮೋಸಗಾರನಿಗೆ ಇದು ಸಾಲದು; 'ಬ್ಯಾಡ, ನಾನೇ ಮಾಡ್ಬೇಕು, ಪಾಸ್‌ವರ್ಡ್ ಕೊಡು' ಎಂದು ಪಟ್ಟು ಹಿಡಿಯುತ್ತಾನೆ. ಆ ಪಟ್ಟೇ ಗುರುತು. ಗೋಡೆಯ ಮೇಲಿನದನ್ನು ಓದಿಕೊಂಡು ಬಂದಿದ್ದರೂ ಅವನು ಇಲ್ಲಿಂದ ಪಾಸ್‌ವರ್ಡ್ ಪಡೆದು ಹೊರಡಲಾರ. ಒಂದು ಎಚ್ಚರಿಕೆ ಮಾತ್ರ: 'ಕೆಲಸ ನಾನೇ ಮಾಡಿಕೊಡುತ್ತೇನೆ' ಎಂಬುದು ನಾವೇ ಪರಿಶೀಲಿಸಬಹುದಾದ, ನಮ್ಮದೇ ಲಾರಿಯ ಕೆಲಸಕ್ಕೆ ಅನ್ವಯ. ಬ್ಯಾಂಕ್ ಖಾತೆ ಬದಲಿಸುವುದು, ಹಣ ಹಾಕುವುದು ಇವು ಆ ಲೆಕ್ಕಕ್ಕೆ ಬರುವುದಿಲ್ಲ.

ಆ ಫೋನಿನಲ್ಲಿ ಇನ್ನೂ ಒಂದು ವಿಷಯವಿತ್ತು, ಅದೇ ನಾಲ್ಕನೆಯ ಪ್ರಶ್ನೆ: ಪಾಸ್‌ವರ್ಡ್ ಜೊತೆಗೆ ಒಟಿಪಿ ನಂಬರನ್ನೂ ಬದಲಿಸಲು ಹೇಳುತ್ತಿದ್ದಾರಾ? ಎರಡೂ ಬೇರೆ ಬೇರೆ ಬೀಗಗಳು. ಇ-ವೇ ಬಿಲ್ ವ್ಯವಸ್ಥೆಯಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯವಾದದ್ದು ಒಂದು ಕಳೆದರೆ ಇನ್ನೊಂದು ಉಳಿಯಲಿ ಎಂದು. ಒಂದೇ ಫೋನ್ ಕರೆಯಲ್ಲಿ ಎರಡನ್ನೂ ತೆಗೆದುಕೊಟ್ಟರೆ ಎರಡಿದ್ದೂ ಪ್ರಯೋಜನವಿಲ್ಲ. ಕ್ಲೋರಾಕ್ಸ್‌ನಲ್ಲಿ ಆದದ್ದೂ ಇದೇ ಎನ್ನುತ್ತದೆ ದಾವೆ. ಆದ್ದರಿಂದ ಪೋಸ್ಟರಿನಲ್ಲಿ ವಿನಾಯಿತಿಯಿಲ್ಲದ ಸಾಲು ಇದೊಂದೇ ಇರಲಿ: ಎರಡೂ ಒಟ್ಟಿಗೆ ಕೇಳಿದರೆ, ಅಥವಾ ಫೋನ್ ಕಳೆದಿದೆ, ನಂಬರ್ ಬದಲಾಗಿದೆ ಎಂದರೆ, ಎದುರಿಗೆ ಬಂದ ಹೊರತು ಇಲ್ಲ. ನಿಜವಾಗಿಯೂ ಫೋನ್ ಕಳೆದವರಿಗೆ ಇದರಿಂದ ತೊಂದರೆಯಾಗುತ್ತದೆ, ಹೌದು. ಒಂದು ಹಗಲು ಅವರ ಕೆಲಸವನ್ನು ಇನ್ನೊಬ್ಬರು ಮಾಡಬೇಕಾಗುತ್ತದೆ. ಆ ಬೆಲೆ ತೆರಬಹುದಾದದ್ದು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಫೋನ್ ಮಾಡಿದವನು ಸಹೋದ್ಯೋಗಿಯ ಬದಲು ಮಾಲೀಕರೇ ಎಂದು ಹೇಳಿಕೊಂಡರೆ? ಸೀರಂ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಯಲ್ಲೇ 2022ರ ಸೆಪ್ಟೆಂಬರಿನಲ್ಲಿ ಆದರ್ ಪೂನಾವಾಲಾ ಹೆಸರಿನ ವಾಟ್ಸಾಪ್ ಸಂದೇಶ ನಂಬಿ ಒಂದು ಕೋಟಿಗೂ ಮೀರಿದ ಹಣ ಕಳಿಸಲಾಗಿತ್ತು. ಹಾಗಿರುವಾಗ ತಿಂಗಳ ಸಂಬಳಕ್ಕೆ ಕಾಯುವ ಹುಡುಗ 'ಸಾರ್, ನೀವು ನೀವೇನಾ?' ಎಂದು ಕೇಳಲು ಸಾಧ್ಯವೇ? ನಮ್ಮ ಸೀಮೆಯಲ್ಲಿ ಧಣಿಗಳ ದನಿಗೆ ಎದುರಾಡುವುದು ಮರ್ಯಾದೆಗೇಡು ಎಂದೇ ಬೆಳೆದವರು ಬಹಳ. ಮೋಸಗಾರ ನಂಬಿ ಕೂತಿರುವುದು ಈ ಭಯವನ್ನೇ. ಪೋಸ್ಟರ್ ಕೇವಲ ಪ್ರಶ್ನೆ ಪಟ್ಟಿಯಾದರೆ ಇಲ್ಲಿ ಸೋಲುತ್ತದೆ. ಅದರ ಕೆಳಗೆ ಮಾಲೀಕರ ಸಹಿ ಇರಬೇಕು, ಸಹಿಯ ಮೇಲೆ ಅವರ ಮಾತು ಇರಬೇಕು: 'ನಾನೇ ಫೋನ್ ಮಾಡಿದರೂ ಇದೇ ನಿಯಮ. ಇದನ್ನು ಪಾಲಿಸಿ ತಡವಾದರೆ ಅದರ ಹೊಣೆ ನನ್ನದು.' ಆಗ ಹುಡುಗನಿಗೆ ಹೇಳಲು ಒಂದು ಮಾತು ಸಿಗುತ್ತದೆ: 'ಸಾರ್, ನೀವೇ ಸಹಿ ಹಾಕೀರಿ, ಗೋಡೆ ಮ್ಯಾಲಿದೆ. ಇಡ್ರಿ, ನಾನೇ ತಿರುಗಿ ಮಾಡ್ತೀನಿ.' ಅನುಮಾನ ಪಟ್ಟ ಹಾಗೂ ಆಗುವುದಿಲ್ಲ, ಅವಮಾನವೂ ಆಗುವುದಿಲ್ಲ. ಸಹಿ ಹಾಕಿದ ಮಾಲೀಕರು ಮುಂದೊಂದು ದಿನ ನಿಜವಾಗಿಯೂ ಅವಸರದಲ್ಲಿದ್ದಾಗ ತಿರುಗಿ ಬಂದ ಕರೆಗೆ ಒಮ್ಮೆ ಗದರಿದರೂ ಸಾಕು, ಆ ಕಾಗದಕ್ಕೆ ಅಲ್ಲಿಂದ ಬೆಲೆಯಿಲ್ಲ.

ಐದನೆಯದು ರಿಸೆಟ್ ಆದಮೇಲಿನದು: ಯಾರಿಗೆ ತಿಳಿಸಿದೆ? ಹೊಸ ಪಾಸ್‌ವರ್ಡನ್ನು ಕೇಳಿದವರಿಗೆ ಫೋನಿನಲ್ಲೇ ಓದಿ ಹೇಳುವ ಬದಲು ಮೊದಲ ಲಾಗಿನ್‌ನಲ್ಲೇ ಬದಲಿಸಬೇಕಾದ ತಾತ್ಕಾಲಿಕ ಪಾಸ್‌ವರ್ಡ್ ಮಾಡಿ, ರಿಜಿಸ್ಟರಿನಲ್ಲಿರುವ ನಂಬರಿಗೆ ಕಳಿಸಬೇಕು. ಜೊತೆಗೆ ಆ ವ್ಯಕ್ತಿಯ ಹಳೆಯ ನಂಬರಿಗೂ, ಆಫೀಸಿನ ಇನ್ನೊಬ್ಬರಿಗೂ 'ಇಂಥವರ ಪಾಸ್‌ವರ್ಡ್ ಈಗ ರಿಸೆಟ್ ಆಯಿತು' ಎಂಬ ಒಂದು ಸಾಲು ಹೋಗಬೇಕು. ಮೊದಲ ನಾಲ್ಕು ಪ್ರಶ್ನೆಗಳನ್ನು ದಾಟಿ ಯಾರಾದರೂ ನುಸುಳಿದರೂ, ಕೇಳದೇ ಇದ್ದ ನಿಜವಾದ ವ್ಯಕ್ತಿ ಆ ಸಾಲು ನೋಡಿ 'ನಾನು ಕೇಳೇ ಇಲ್ವಲ್ಲ' ಎಂದು ಕೂಗುತ್ತಾನೆ. ರಿಜಿಸ್ಟರಿನಲ್ಲಿ ತಾರೀಕು, ಹೊತ್ತು, ಯಾರಿಗಾಗಿ, ಯಾವ ನಂಬರಿಗೆ ತಿರುಗಿ ಫೋನ್ ಮಾಡಿದ್ದು, ಯಾರು ಮಾಡಿದ್ದು ಬರೆದಿಡಬೇಕು. ನಿನ್ನೆವರೆಗೆ ನಡೆಯುತ್ತಿದ್ದ ಪಾಸ್‌ವರ್ಡ್ ಬೆಳಿಗ್ಗೆ ತಪ್ಪೆಂದು ತೋರಿಸಿದರೆ, ಮೇಲ್ ಸೆಟ್ಟಿಂಗ್‌ನಲ್ಲಿ ನಾವು ಹಾಕದ ಫಾರ್ವರ್ಡ್ ವಿಳಾಸ ಕಂಡರೆ, ಮೊದಲು ತೆರೆಯಬೇಕಾದದ್ದು ಆ ರಿಜಿಸ್ಟರ್. ಅಲ್ಲಿ ನಮೂದಿಲ್ಲದ ರಿಸೆಟ್ ಆಗಿದ್ದರೆ ಎಲ್ಲ ಕಡೆಯಿಂದಲೂ ಆ ಖಾತೆಯನ್ನು ಲಾಗ್ಔಟ್ ಮಾಡಿಸಿ, ಗಿರಾಕಿಗಳಿಗೆ ಫೋನ್ ಮಾಡಿ ಹೊಸ ಬ್ಯಾಂಕ್ ಖಾತೆಯ ಪತ್ರ ಬಂದಿದ್ದರೆ ನಂಬಬೇಡಿ ಎಂದು ಹೇಳಬೇಕು. ಹಣ ಹೋಗಿದ್ದರೆ ಅದೇ ಕ್ಷಣ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ.

ಇಷ್ಟೆಲ್ಲ ಹೇಳಿದರೂ ಈ ಪೋಸ್ಟರ್ ಮುಟ್ಟಲಾರದ ಜಾಗಗಳಿವೆ. ನಕಲಿ ಲಾಗಿನ್ ಪುಟದಲ್ಲಿ ನೌಕರರೇ ಪಾಸ್‌ವರ್ಡ್ ಒತ್ತಿದರೆ ಇದು ಏನೂ ಮಾಡದು. ಅದಕ್ಕಿಂತ ದೊಡ್ಡ ಅಡ್ಡಿ ನಮ್ಮ ಆಫೀಸುಗಳಲ್ಲಿ ಬಹಳ ಸಾಮಾನ್ಯ: ಎಲ್ಲರಿಗೂ ಒಂದೇ ಲಾಗಿನ್, ಅದರ ಪಾಸ್‌ವರ್ಡ್ ಮಾನಿಟರ್ ಕೆಳಗೆ ಚೀಟಿಯಲ್ಲಿ. ಅಲ್ಲಿ 'ಸಹೋದ್ಯೋಗಿಯ ಪಾಸ್‌ವರ್ಡ್' ಎಂಬುದೇ ಇಲ್ಲ, ಆದ್ದರಿಂದ ಅದನ್ನು ಕಾಯುವ ಪೋಸ್ಟರಿಗೂ ಅರ್ಥವಿಲ್ಲ. ಅಂಥ ಆಫೀಸು ಮೊದಲು ಒಬ್ಬೊಬ್ಬರಿಗೂ ಸಬ್-ಯೂಸರ್ ಮಾಡಲಿ, ಎಲ್ಲರ ನಂಬರುಗಳನ್ನು ಅವರ ಎದುರಿಗೇ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಇಡಲಿ, ಆ ಪುಸ್ತಕದ ನಂಬರ್ ಬದಲಿಸಲೂ ಎದುರಿಗೇ ಬರಬೇಕು ಎಂದು ಮಾಡಲಿ. ಇವೆಲ್ಲ ಅರ್ಧ ದಿನದ ಕೆಲಸ. ಐದು ಪ್ರಶ್ನೆಗಳನ್ನು ಕನ್ನಡದಲ್ಲಿ, ದೂರದಿಂದ ಓದಬರುವ ಅಕ್ಷರದಲ್ಲಿ ಅಚ್ಚು ಹಾಕಿಸಿ, ರಿಸೆಟ್ ಮಾಡುವವರು ಕೂರುವ ಜಾಗದಿಂದ ಕಾಣುವ ಗೋಡೆಗೆ ಅಂಟಿಸಬೇಕಾದದ್ದು ಆಮೇಲೆ.